ಕ್ರಾಸ್ಡ್ ನಿಕಲ್ಸ್‌ನಲ್ಲಿ ಫೆಲ್ಡ್‌ಸ್ಪಾರ್ ಗುರುತಿಸುವುದು: ಕ್ಲೋಸ್‌ಪೇಟೆ ಗ್ರಾನೈಟಿನ ಒಂದು ತೆಳುಛೇದ ಇಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ರಾಮನಗರದ ಸುತ್ತಿನ ಗುಲಾಬಿ-ಬೂದು ಬಂಡೆಗಳಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಊರಿನ ಹಳೆಯ ಹೆಸರು ಕಲ್ಲಿಗೆ ಉಳಿದುಕೊಂಡಿದೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲಿನಲ್ಲಿ ಪೊಟ್ಯಾಶ್ ಫೆಲ್ಡ್‌ಸ್ಪಾರ್, ಪ್ಲಾಜಿಯೊಕ್ಲೇಸ್, ಕ್ವಾರ್ಟ್ಜ್ ಮೂರೂ ಧಾರಾಳವಾಗಿವೆ, ಜೊತೆಗೆ ಬಯೊಟೈಟ್ ಇದೆ. ಮೊದಲ ಮೂರೂ ಬಣ್ಣವಿಲ್ಲದ ಖನಿಜಗಳು. ಸೂಕ್ಷ್ಮದರ್ಶಕದಲ್ಲಿ ಮೇಲಿನ ಪೋಲರೈಸರಾದ ಅನಲೈಸರ್ ಹಾಕಿದರೆ ಮೂರೂ ಬೂದು, ಬಿಳಿ. ಕಲಿಯುವವರು ಎಡವುವುದು ಇಲ್ಲೇ, ಆದ್ದರಿಂದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಲ್ಲು ಹುಡುಕಬೇಕಾಗಿಲ್ಲ. ಈ ಬರಹದಲ್ಲಿ ಅಂಥ ಒಂದು ಸ್ಲೈಡನ್ನು ತೆಗೆದುಕೊಂಡು, ಅದರ ದಪ್ಪ ಸರಿಯಿದೆಯೇ ಎಂಬುದರಿಂದ ಹಿಡಿದು ಪ್ಲಾಜಿಯೊಕ್ಲೇಸಿನ ಸಂಯೋಜನೆ ಅಳೆಯುವವರೆಗೆ ಹೋಗುತ್ತೇವೆ.

ಕಲ್ಲಿನಿಂದ ಸ್ಲೈಡಿಗೆ

ಕ್ಲೋಸ್‌ಪೇಟೆ ಗ್ರಾನೈಟಿನಲ್ಲಿ ಪೊಟ್ಯಾಶ್ ಫೆಲ್ಡ್‌ಸ್ಪಾರಿನ ಹರಳುಗಳು ಹಲವೆಡೆ ಕೆಲವು ಸೆಂಟಿಮೀಟರಿನಷ್ಟು ದೊಡ್ಡವು. ಅಂಥ ಜಾಗದಲ್ಲಿ ಕೊಯ್ದರೆ ಇಡೀ ಸ್ಲೈಡ್ ಒಂದೇ ಹರಳಾಗಿಬಿಡುತ್ತದೆ. ದೊಡ್ಡ ಹರಳಿನ ಒಂದು ಅಂಚೂ ಅದರ ಪಕ್ಕದ ಸಣ್ಣ ಕಣಗಳೂ ಒಟ್ಟಿಗೆ ಬರುವ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಡೈಮಂಡ್ ಬ್ಲೇಡಿನಲ್ಲಿ 25 × 40 ಮಿ.ಮೀ. ಅಗಲದ, ಸುಮಾರು 8 ಮಿ.ಮೀ. ದಪ್ಪದ ಬಿಲ್ಲೆ ಕೊಯ್ಯಿರಿ. ಒಂದು ಮುಖವನ್ನು ಸಿಲಿಕಾನ್ ಕಾರ್ಬೈಡ್ ಪುಡಿಯಲ್ಲಿ ಕ್ರಮವಾಗಿ 220, 400, 600, 1000 ಎಂದು ಉಜ್ಜಬೇಕು. ಪ್ರತಿ ಪುಡಿ ಬದಲಿಸುವಾಗಲೂ ಬಿಲ್ಲೆಯನ್ನೂ ಕೈಯನ್ನೂ ಚೆನ್ನಾಗಿ ತೊಳೆಯಿರಿ. 220ರ ಒಂದು ಕಣ 1000ದ ಗಾಜಿನ ಮೇಲೆ ಸೇರಿಕೊಂಡರೆ ಮುಖದ ತುಂಬ ಗೀರು.

ಬಿಲ್ಲೆಯನ್ನು ಹಾಟ್ ಪ್ಲೇಟ್ ಮೇಲೆ ಪೂರ್ತಿ ಒಣಗಿಸಿ, ಒಂದು ಮುಖ ಮಂಜಾಗಿ ಉಜ್ಜಿದ ಗಾಜಿನ ಸ್ಲೈಡಿಗೆ ಎಪಾಕ್ಸಿಯಲ್ಲಿ ಅಂಟಿಸಿ. ಒಂದು ಅಂಚನ್ನು ಮೊದಲು ತಾಗಿಸಿ, ನಿಧಾನಕ್ಕೆ ಒರಗಿಸುತ್ತ ಇಳಿಸಿದರೆ ಗಾಳಿ ಹೊರಗೆ ಹೋಗುತ್ತದೆ. ಕಲ್ಲಿನಲ್ಲಿ ತೇವ ಉಳಿದಿದ್ದರೆ ಗುಳ್ಳೆ ಬರುವುದು ಖಚಿತ, ಆ ಗುಳ್ಳೆಯ ಮೇಲಿನ ಕಣ ಕೊನೆಯ ಉಜ್ಜುವಿಕೆಯಲ್ಲಿ ಕಿತ್ತು ಹೋಗುವುದೂ ಖಚಿತ. ಅಂಟು ಗಟ್ಟಿಯಾದ ಮೇಲೆ ಬಿಲ್ಲೆಯನ್ನು ಅರ್ಧ ಮಿ.ಮೀ. ದಪ್ಪ ಉಳಿಯುವಂತೆ ಕೊಯ್ದು, 220 ಮತ್ತು 400ರಲ್ಲಿ ಸುಮಾರು 80 ಮೈಕ್ರಾನ್‌ವರೆಗೆ, 600ರಲ್ಲಿ 45ರವರೆಗೆ ಇಳಿಸಿ. ಉಳಿದದ್ದನ್ನು 1000ದಲ್ಲಿ ಕೈಯಿಂದಲೇ ಮಾಡಿ, ಐದಾರು ಸುತ್ತಿಗೊಮ್ಮೆ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಗುರಿ 30 ಮೈಕ್ರಾನ್, ಅಂದರೆ 0.03 ಮಿ.ಮೀ. ಈ ಹಂತದಲ್ಲಿ ಯಾವ ಅಳತೆಪಟ್ಟಿಗಿಂತಲೂ ಕ್ವಾರ್ಟ್ಜಿನ ಬಣ್ಣವೇ ಒಳ್ಳೆಯ ಅಳತೆ. ಅದು ಹೇಗೆಂದು ಮುಂದೆ ಬರುತ್ತದೆ.

ಸೂಕ್ಷ್ಮದರ್ಶಕವನ್ನು ಸರಿಮಾಡಿಕೊಳ್ಳುವುದು

ಕೋನ ಅಳೆಯುವ ಕೆಲಸವಿದ್ದಾಗ ಈ ಹತ್ತು ನಿಮಿಷ ಉಳಿಸಲು ಹೋಗಬೇಡಿ.

ಮೊದಲು ಸ್ಲೈಡ್ ಇಲ್ಲದೆ ಅನಲೈಸರ್ ಒಳಗೆ ತಳ್ಳಿ. ನೋಟ ಪೂರ್ತಿ ಕಪ್ಪಾಗಬೇಕು. ಮಂಕು ಬೆಳಕು ಉಳಿದಿದ್ದರೆ ಕೆಳಗಿನ ಪೋಲರೈಸರ್ 90 ಡಿಗ್ರಿಯಲ್ಲಿ ನಿಂತಿಲ್ಲ. ಅತಿ ಕಪ್ಪಾಗುವವರೆಗೆ ಅದನ್ನು ತಿರುಗಿಸಿ, ತಿರುಪು ಬಿಗಿಮಾಡಿ.

ಆಮೇಲೆ ಸ್ಟೇಜಿನ ಕೇಂದ್ರ. ಒಂದು ಸಣ್ಣ ಕಪ್ಪು ಕಣವನ್ನು ಕ್ರಾಸ್‌ವೈರ್ ಸೇರುವ ಬಿಂದುವಿಗೆ ತಂದು ಸ್ಟೇಜ್ ತಿರುಗಿಸಿ. ಕಣ ಅಲ್ಲೇ ಸುತ್ತಬೇಕು. ಅದು ವೃತ್ತ ಬಿಡಿಸಿಕೊಂಡು ದೂರ ಹೋಗುತ್ತಿದ್ದರೆ, ಅತಿ ದೂರ ಹೋದ ಜಾಗದಲ್ಲಿ ಸ್ಟೇಜ್ ನಿಲ್ಲಿಸಿ, ಆಬ್ಜೆಕ್ಟಿವಿನ ಕೇಂದ್ರೀಕರಣ ತಿರುಪುಗಳಿಂದ ಕ್ರಾಸ್‌ವೈರಿನ ಕಡೆಗೆ ಅರ್ಧ ದೂರ ತನ್ನಿ, ಉಳಿದರ್ಧವನ್ನು ಸ್ಲೈಡ್ ಸರಿಸಿ ಮುಗಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಸರಿಹೋಗುತ್ತದೆ. ಪ್ರತಿ ಆಬ್ಜೆಕ್ಟಿವಿಗೂ ಇದು ಬೇರೆಯಾಗಿಯೇ ಆಗಬೇಕು.

ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಕ್ರಾಸ್‌ವೈರ್ ಪೋಲರೈಸರಿನ ದಿಕ್ಕಿಗೆ ನಿಜಕ್ಕೂ ಸಮಾಂತರವಿದೆಯೇ ಎಂಬ ಪರೀಕ್ಷೆ. ಸ್ಲೈಡಿನಲ್ಲಿ ಸೀಳುಗೆರೆಗಳು ನೇರವಾಗಿ, ಒತ್ತಾಗಿ ಕಾಣುವ ಬಯೊಟೈಟ್ ಹುಡುಕಿ. ಗೆರೆಗಳನ್ನು ಕ್ರಾಸ್‌ವೈರಿಗೆ ಸಮಾಂತರವಾಗಿ ನಿಲ್ಲಿಸಿದಾಗ ಅದು ಕತ್ತಲಾಗಬೇಕು. ಮೇಲೆ ಚುಕ್ಕೆ ಚುಕ್ಕೆಯಾಗಿ ಮಿನುಗು ಉಳಿಯುವುದು ಮೈಕಾದ ಗುಣ, ಅದು ದೋಷವಲ್ಲ. ಆದರೆ ಕತ್ತಲು ಎರಡು ಮೂರು ಡಿಗ್ರಿ ಆಚೆ ಬಂದರೆ ಐಪೀಸ್ ತನ್ನ ತೋಡಿನಲ್ಲಿ ಸರಿಯಾಗಿ ಕೂತಿಲ್ಲ ಅಥವಾ ಎರಡೂ ಪೋಲರೈಸರುಗಳು ಒಟ್ಟಿಗೆ ತಿರುಗಿವೆ. ಆ ತಪ್ಪು ನಿಮ್ಮ ಎಲ್ಲ ಕೋನಗಳಿಗೂ ಸೇರಿಕೊಳ್ಳುತ್ತದೆ. ಅನಲೈಸರ್ ತೆಗೆದು ಅದೇ ಬಯೊಟೈಟನ್ನು ತಿರುಗಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ: ಸೀಳುಗೆರೆ ಯಾವ ದಿಕ್ಕಿನಲ್ಲಿದ್ದಾಗ ಬಯೊಟೈಟ್ ಅತಿ ಗಾಢ ಕಂದಾಗುತ್ತದೋ ಅದೇ ನಿಮ್ಮ ಪೋಲರೈಸರಿನ ದಿಕ್ಕು.

ಬಣ್ಣ ಎಲ್ಲಿಂದ ಬರುತ್ತದೆ

ಎರಡೂ ಪೋಲರೈಸರುಗಳು 90 ಡಿಗ್ರಿಯಲ್ಲಿ ನಿಂತ ಸ್ಥಿತಿಗೆ ಹೇಳುವ ಕ್ರಾಸ್ಡ್ ನಿಕಲ್ಸ್ ಎಂಬ ಮಾತು ವಿಲಿಯಂ ನಿಕಲ್ 1828ರಲ್ಲಿ ಮಾಡಿದ ಕ್ಯಾಲ್ಸೈಟ್ ಪಟ್ಟಕದಿಂದ ಬಂದದ್ದು. ಈಗ ಆ ಜಾಗದಲ್ಲಿ ಪೋಲರಾಯ್ಡ್ ಹಾಳೆ ಇದ್ದರೂ ಪ್ರಯೋಗಾಲಯದಲ್ಲಿ ಹೆಸರು ಬದಲಾಗಿಲ್ಲ. ಪೋಲರೈಸರ್ ದಾಟಿ ಬಂದ ಬೆಳಕು ಹರಳಿನೊಳಗೆ ಒಂದಕ್ಕೊಂದು ಲಂಬವಾಗಿ ಕಂಪಿಸುವ ಎರಡು ಕಿರಣಗಳಾಗಿ ಒಡೆಯುತ್ತದೆ. ಒಂದು ವೇಗದ್ದು, ಒಂದು ನಿಧಾನದ್ದು. ಹರಳಿನಿಂದ ಹೊರಬರುವ ಹೊತ್ತಿಗೆ ನಿಧಾನದ್ದು ಒಂದಿಷ್ಟು ಹಿಂದೆ ಬಿದ್ದಿರುತ್ತದೆ. ಅನಲೈಸರ್ ಎರಡನ್ನೂ ಒಂದೇ ತಲಕ್ಕೆ ತಂದಾಗ ಕೆಲವು ಬಣ್ಣಗಳು ಅಳಿದು, ಕೆಲವು ಉಳಿಯುತ್ತವೆ. ಉಳಿದದ್ದೇ ನಾವು ನೋಡುವ ವ್ಯತಿಕರಣ ಬಣ್ಣ. ಹಿಂದೆ ಬಿದ್ದ ದೂರದ ಲೆಕ್ಕ ಸರಳ:

Δ = t × (n₂ − n₁)

ಇದರಲ್ಲಿ t ಸ್ಲೈಡಿನ ದಪ್ಪ, n₁ ವೇಗದ ಕಿರಣದ ವಕ್ರೀಭವನ ಸೂಚ್ಯಂಕ, n₂ ನಿಧಾನದ್ದರದು. ಕಂಸದಲ್ಲಿರುವ ಅವುಗಳ ವ್ಯತ್ಯಾಸವೇ ಆ ಛೇದದ ದ್ವಿವಕ್ರೀಭವನ. ಕ್ವಾರ್ಟ್ಜಿನ ಗರಿಷ್ಠ ದ್ವಿವಕ್ರೀಭವನ 0.009. ದಪ್ಪ 30 ಮೈಕ್ರಾನ್, ಅಂದರೆ 30,000 ನ್ಯಾನೊಮೀಟರ್. ಗುಣಿಸಿದರೆ 270 ನ್ಯಾನೊಮೀಟರ್. 1888ರಲ್ಲಿ ಮಿಶೆಲ್-ಲೆವಿ ಕೊಟ್ಟ ಬಣ್ಣದ ಪಟದಲ್ಲಿ ಆ ಜಾಗಕ್ಕೆ ಕಾಣುವುದು ಎಲ್ಲೋ ಸ್ವಲ್ಪ ಹಳದಿಗೆ ಹೊರಳುವ ಬಿಳಿ.

ಇಲ್ಲಿ ಎರಡು ಮಾತು ಬಿಡಿಸಿ ತಿಳಿಯಬೇಕು. ಸ್ಟೇಜ್ ತಿರುಗಿಸಿದಾಗ ಬಣ್ಣ ಬದಲಾಗುವುದಿಲ್ಲ, ಅದರ ಹೊಳಪು ಮಾತ್ರ ಬದಲಾಗುತ್ತದೆ. ಪೂರ್ತಿ ಒಂದು ಸುತ್ತಿನಲ್ಲಿ ಕಣ ನಾಲ್ಕು ಸಲ ಕತ್ತಲಾಗುತ್ತದೆ, ಅದೇ ಎಕ್ಸ್‌ಟಿಂಕ್ಷನ್. ನಡುವೆ 45 ಡಿಗ್ರಿಯಲ್ಲಿ ಅತಿ ಹೊಳಪು. ಬಣ್ಣವನ್ನು ಯಾವಾಗಲೂ ಆ 45 ಡಿಗ್ರಿಯಲ್ಲೇ ಓದಿ. ಎರಡನೆಯದು: ಒಂದೇ ಖನಿಜದ ಬೇರೆ ಬೇರೆ ಕಣಗಳು ಬೇರೆ ಬೇರೆ ಬಣ್ಣ ತೋರಿಸುತ್ತವೆ, ಏಕೆಂದರೆ ಪ್ರತಿಯೊಂದೂ ಬೇರೆ ದಿಕ್ಕಿನಲ್ಲಿ ಕೊಯ್ದುಹೋಗಿದೆ. ಕ್ವಾರ್ಟ್ಜಿನ ಉದ್ದ ಅಕ್ಷಕ್ಕೆ ಅಡ್ಡಲಾಗಿ ಕೊಯ್ದ ಕಣ ಸುತ್ತಿಸಿದರೂ ಕಪ್ಪಾಗಿಯೇ ಇರುತ್ತದೆ. ಹೀಗಾಗಿ ಒಂದು ಕಣದ ಬಣ್ಣದಿಂದ ಏನೂ ಹೇಳಲಾಗದು. ಆ ಖನಿಜದ ಹತ್ತಿಪ್ಪತ್ತು ಕಣ ನೋಡಿ, ಅವುಗಳಲ್ಲಿ ಅತಿ ಮೇಲಿನ ಬಣ್ಣ ಯಾವುದೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ದಪ್ಪದ ಪರೀಕ್ಷೆ

ಈಗ ನಮ್ಮ ಸ್ಲೈಡಿಗೆ ಬನ್ನಿ. 4× ಆಬ್ಜೆಕ್ಟಿವಿನಲ್ಲಿ ಸ್ಲೈಡಿನ ನಡುಭಾಗ, ನಾಲ್ಕು ಮೂಲೆ, ಎಲ್ಲ ಕಡೆ ಕ್ವಾರ್ಟ್ಜ್ ನೋಡಿ. ಗ್ರಾನೈಟಿನ ಕ್ವಾರ್ಟ್ಜ್ ಶುಭ್ರವಾಗಿರುತ್ತದೆ, ಸೀಳುಗೆರೆ ಇರುವುದಿಲ್ಲ, ಯಮಳ ಪಟ್ಟಿ ಕಾಣುವುದಿಲ್ಲ. ಬಹುತೇಕ ಕಣಗಳಲ್ಲಿ ಕತ್ತಲು ಒಮ್ಮೆಗೇ ಬಾರದೆ ನೆರಳು ಹಾದಂತೆ ಅಲೆಯಾಗಿ ಹಾದುಹೋಗುತ್ತದೆ. ಬಂಡೆ ಒತ್ತಡಕ್ಕೆ ಸಿಕ್ಕಿದ ಗುರುತು ಅದು.

ಅತಿ ಮೇಲಿನ ಬಣ್ಣ ಬಿಳಿ ಅಥವಾ ಒಣಹುಲ್ಲಿನಷ್ಟು ತಿಳಿ ಹಳದಿಯಾಗಿದ್ದರೆ ಸ್ಲೈಡ್ 30 ಮೈಕ್ರಾನಿನ ಆಸುಪಾಸು. ಅಚ್ಚ ಹಳದಿ ಬಂದರೆ ಹಿಂದೆ ಬಿದ್ದ ದೂರ ಸುಮಾರು 330 ರಿಂದ 360 ನ್ಯಾನೊಮೀಟರ್. ದಪ್ಪ ಸುಮಾರು 37 ರಿಂದ 40 ಮೈಕ್ರಾನ್. ಕಿತ್ತಳೆ-ಕಂದು ಬಂದರೆ 50ರ ಹತ್ತಿರ. ಎಲ್ಲ ಕ್ವಾರ್ಟ್ಜೂ ಮಂಕು ಬೂದಾಗಿದ್ದರೆ ಉಜ್ಜುವುದು ಹೆಚ್ಚಾಗಿದೆ, ಇನ್ನು ಬಿಟ್ಟುಬಿಡಿ. ಒಂದು ಅಂಚಿನಲ್ಲಿ ಬಿಳಿ, ಎದುರಂಚಿನಲ್ಲಿ ಹಳದಿ ಇದ್ದರೆ ಸ್ಲೈಡ್ ಬೆಣೆಯಾಗಿದೆ. ಉಜ್ಜುವಾಗ ಬೆರಳಿನ ಒತ್ತಡ ಒಂದೇ ಕಡೆ ಬಿದ್ದರೆ ಹೀಗಾಗುವುದು. ಕವರ್‌ಗ್ಲಾಸ್ ಇನ್ನೂ ಅಂಟಿಸಿಲ್ಲವಾದರೆ ಹಳದಿ ಕಡೆಗೆ ಮಾತ್ರ ಒತ್ತಿ 1000ದಲ್ಲಿ ಕೆಲವು ಸುತ್ತು ಕೊಡಿ.

ಇಷ್ಟು ಹಠ ಯಾಕೆಂದರೆ, ದಪ್ಪ ತಪ್ಪಿದರೆ ಎಲ್ಲ ಖನಿಜದ ಬಣ್ಣವೂ ಜೊತೆಗೇ ತಪ್ಪುತ್ತದೆ. 40 ಮೈಕ್ರಾನಿನ ಸ್ಲೈಡಿನಲ್ಲಿ ಹಳದಿ ಫೆಲ್ಡ್‌ಸ್ಪಾರ್ ನೋಡಿ ಬೇರೆ ಯಾವುದೋ ಖನಿಜದ ಹೆಸರು ಬರೆದಿಡುವುದು ಪರೀಕ್ಷೆಯ ಕೊಠಡಿಯಲ್ಲಿ ಮಾಮೂಲು.

ಮೊಬೈಲಿನಲ್ಲಿ ಚಿತ್ರ ತೆಗೆಯುವವರಿಗೆ ಒಂದು ಎಚ್ಚರಿಕೆ. ಆಟೊ ವೈಟ್ ಬ್ಯಾಲೆನ್ಸ್ ಈ ತಿಳಿ ಹಳದಿಯನ್ನು ಬಿಳಿಮಾಡುತ್ತದೆ ಅಥವಾ ಬಿಳಿಯನ್ನು ನೀಲಿಗೆ ಎಳೆಯುತ್ತದೆ. ಅನಲೈಸರ್ ತೆಗೆದು, ಖಾಲಿ ಗಾಜಿನ ಮೇಲೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಆಮೇಲೆ ಚಿತ್ರ ತೆಗೆಯಿರಿ. ಹ್ಯಾಲೊಜೆನ್ ದೀಪವಾದರೆ ನೀಲಿ ಫಿಲ್ಟರ್ ಹಾಕಿರಬೇಕು.

ಎಷ್ಟನೇ ಆರ್ಡರ್?

ಬಣ್ಣಗಳು ಸುಮಾರು 550 ನ್ಯಾನೊಮೀಟರಿಗೊಮ್ಮೆ ಮರುಕಳಿಸುತ್ತವೆ. ಮೊದಲ ಆರ್ಡರಿನಲ್ಲಿ ಕಪ್ಪು, ಬೂದು, ಬಿಳಿ, ಹಳದಿ, ಕಿತ್ತಳೆ, ಕೆಂಪು. ಎರಡನೆಯದರಲ್ಲಿ ನೇರಳೆ, ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು. ಮೂರನೆಯದರಲ್ಲಿ ಮತ್ತೆ ಇವೇ, ಸ್ವಲ್ಪ ಮಾಸಿದಂತೆ. ನೆನಪಿಡಲು ಸುಲಭವಾದದ್ದೆಂದರೆ ಮೊದಲ ಆರ್ಡರಿನಲ್ಲಿ ಅಚ್ಚ ನೀಲಿಯೂ ಹಸಿರೂ ಇಲ್ಲ. ಅವು ಕಂಡರೆ ನೀವು ಎರಡನೆಯದರಲ್ಲಿ ಅಥವಾ ಇನ್ನೂ ಮೇಲೆ ಇದ್ದೀರಿ. ಇದಕ್ಕೆ ಒಂದು ಅಪವಾದ ನಮ್ಮ ಸ್ಲೈಡಿನಲ್ಲೇ ಸಿಗಬಹುದು: ಬಯೊಟೈಟ್ ಕೊಳೆತು ಕ್ಲೋರೈಟ್ ಆಗಿರುವ ಕಡೆ ಶಾಯಿಯಂಥ ಗಾಢ ನೀಲಿ ಕಾಣುತ್ತದೆ. ಅದು ಪಟದಲ್ಲಿ ಎಲ್ಲೂ ಇಲ್ಲದ ವಿಕೃತ ಬಣ್ಣ. ಅನಲೈಸರ್ ತೆಗೆದಾಗ ಕಣ ತಿಳಿ ಹಸಿರಿದ್ದರೆ ಅನುಮಾನ ಮುಗಿಯಿತು.

ಹಳದಿಯೊಂದು ಮೊದಲ ಆರ್ಡರಿನದೋ ಎರಡನೆಯದೋ ಎಂದು ತಿಳಿಯಲು ಕಣದ ಅಂಚು ನೋಡಿ. ಅಂಚು ಓರೆಯಾಗಿ ತೆಳುವಾಗುತ್ತ ಹೋಗಿದ್ದರೆ ಅಲ್ಲಿ ಬಣ್ಣಗಳು ಸಾಲಾಗಿ ಕಪ್ಪಿನವರೆಗೆ ಇಳಿಯುತ್ತವೆ. ದಾರಿಯಲ್ಲಿ ಒಂದು ಕೆಂಪು-ನೇರಳೆ ಪಟ್ಟಿ ಸಿಕ್ಕರೆ ಎರಡನೇ ಆರ್ಡರ್, ಎರಡು ಸಿಕ್ಕರೆ ಮೂರನೆಯದು. ಮೈಕಾಗಳ ದ್ವಿವಕ್ರೀಭವನ 0.04ರ ಹತ್ತಿರ, ಆದ್ದರಿಂದ 30 ಮೈಕ್ರಾನಿನಲ್ಲಿ 1200 ನ್ಯಾನೊಮೀಟರಿನವರೆಗೂ ಹೋಗುತ್ತವೆ. ಬಯೊಟೈಟಿನಲ್ಲಿ ಅದರ ಸ್ವಂತ ಕಂದು ಬಣ್ಣ ಮೇಲೆ ಬಿದ್ದು ವ್ಯತಿಕರಣ ಬಣ್ಣ ಮರೆಯಾಗುವುದರಿಂದ ಅಲ್ಲಿ ಈ ಲೆಕ್ಕ ಮಾಡಿ ಪ್ರಯೋಜನವಿಲ್ಲ.

ಬೂದು ಕಣಗಳಲ್ಲಿ ವೇಗದ ಕಿರಣ ಯಾವ ದಿಕ್ಕಿನದು, ನಿಧಾನದ್ದು ಯಾವ ದಿಕ್ಕಿನದು ಎಂದು ತಿಳಿಯಲು ಜಿಪ್ಸಮ್ ಪ್ಲೇಟ್ ಬೇಕು. ಅದು ತಾನೇ ಸುಮಾರು 550 ನ್ಯಾನೊಮೀಟರ್ ಸೇರಿಸುವುದರಿಂದ ಖಾಲಿ ನೋಟ ಕೆನ್ನೇರಳೆಯಾಗುತ್ತದೆ. ಕಣ 45 ಡಿಗ್ರಿಯಲ್ಲಿ 100 ನ್ಯಾನೊಮೀಟರಿನ ಬೂದು ಎಂದಿಟ್ಟುಕೊಳ್ಳಿ. ಕಣದ ನಿಧಾನ ಕಿರಣ ಪ್ಲೇಟಿನ ನಿಧಾನ ದಿಕ್ಕಿಗೆ ಸಮಾಂತರವಿದ್ದರೆ 650, ನೀಲಿ. ವೇಗದ ಕಿರಣ ಸಮಾಂತರವಿದ್ದರೆ 450, ಹಳದಿ-ಕಿತ್ತಳೆ. ಪ್ಲೇಟಿನ ನಿಧಾನ ದಿಕ್ಕು ಅದರ ಚೌಕಟ್ಟಿನ ಮೇಲೆ ಬಾಣ ಅಥವಾ ಗ್ರೀಕ್ ಗಾಮಾ ಅಕ್ಷರದಿಂದ ಗುರುತಾಗಿರುತ್ತದೆ. ಬಹಳ ಉಪಕರಣಗಳಲ್ಲಿ ಅದು ಈಶಾನ್ಯ-ನೈಋತ್ಯಕ್ಕಿದೆ, ಆದರೂ ನಿಮ್ಮದರಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ಯಮಳಗಳನ್ನು ಓದುವುದು

ಯಮಳ, ಅಂದರೆ ಟ್ವಿನ್, ಒಂದೇ ಹರಳಿನ ಎರಡು ಭಾಗಗಳು ನಿಯಮಬದ್ಧವಾಗಿ ತಿರುವಿಕೊಂಡು ಬೆಳೆದಿರುವುದು. ಅನಲೈಸರ್ ಇಲ್ಲದಾಗ ಎರಡೂ ಒಂದೇ. ಹಾಕಿದಾಗ ಒಂದು ಭಾಗದ ಎಕ್ಸ್‌ಟಿಂಕ್ಷನ್ ಒಂದು ಕಡೆ, ಇನ್ನೊಂದರದು ಮತ್ತೊಂದು ಕಡೆ. ಆದ್ದರಿಂದ ಕಪ್ಪು-ಬಿಳುಪು ಪಟ್ಟಿಗಳು. ಪಟ್ಟಿಗಳು ಸ್ಟೇಜ್ ತಿರುಗಿಸಿದಾಗ ಬಣ್ಣ ಅದಲುಬದಲು ಮಾಡಿಕೊಳ್ಳಬೇಕು. ಮಾಡದಿದ್ದರೆ ಅದು ಗೀರೋ ಸೀಳುಗೆರೆಯೋ ಇರಬಹುದು, ಯಮಳವಲ್ಲ.

ಪ್ಲಾಜಿಯೊಕ್ಲೇಸಿನಲ್ಲಿ ಸಾಮಾನ್ಯವಾದದ್ದು ಆಲ್ಬೈಟ್ ಯಮಳ: ಅಂಚು ಚೂಪಾದ, ನೇರವಾದ, ಸಮಾಂತರ ಪಟ್ಟಿಗಳ ಸಾಲು. ಹರಳನ್ನು ಉದ್ದಕ್ಕೆ ಎರಡೇ ಹೋಳು ಮಾಡಿದಂತೆ ಕಂಡರೆ ಕಾರ್ಲ್ಸ್‌ಬಾಡ್ ಯಮಳ. ಅದು ಪೊಟ್ಯಾಶ್ ಫೆಲ್ಡ್‌ಸ್ಪಾರಿನಲ್ಲೂ ಬರುತ್ತದೆ, ಪ್ಲಾಜಿಯೊಕ್ಲೇಸಿನಲ್ಲೂ ಬರುತ್ತದೆ. ಹಾಗಾಗಿ ಅದೊಂದನ್ನೇ ನೋಡಿ ಹೆಸರಿಡಲಾಗದು.

ಮೈಕ್ರೊಕ್ಲೈನಿನಲ್ಲಿ ಎರಡು ಬಗೆಯ ಪಟ್ಟಿಗಳು ಹೆಚ್ಚುಕಡಿಮೆ ಲಂಬವಾಗಿ ಹೆಣೆದುಕೊಂಡಿರುತ್ತವೆ, ಚೌಕಳಿ ಲುಂಗಿಯ ನೇಯ್ಗೆಯ ಹಾಗೆ. ಒಂದು ಆಲ್ಬೈಟ್ ನಿಯಮದ್ದು, ಇನ್ನೊಂದು ಪೆರಿಕ್ಲೈನ್ ನಿಯಮದ್ದು. ಬಿಸಿಯಲ್ಲಿ ಹೆಚ್ಚು ಸಮಮಿತಿಯಿದ್ದ ಹರಳು ತಣಿಯುತ್ತ ಕಡಿಮೆ ಸಮಮಿತಿಗೆ ಇಳಿದಾಗ ಈ ಹೆಣಿಗೆ ಹುಟ್ಟುತ್ತದೆ. ಆದರೆ ಪ್ಲಾಜಿಯೊಕ್ಲೇಸಿನಲ್ಲೂ ಈ ಎರಡು ನಿಯಮಗಳು ಒಟ್ಟಿಗೆ ಬಂದು ಅಡ್ಡಗೆರೆ ಹಾಕುವುದುಂಟು. ಆಗ ಯಾವುದು ಯಾವುದು? 10× ನಲ್ಲಿ ಒಂದೇ ಒಂದು ಪಟ್ಟಿಯನ್ನು ಹಿಡಿದು ಅದರ ತುದಿಯವರೆಗೆ ಹೋಗಿ. ಮೈಕ್ರೊಕ್ಲೈನಿನ ಪಟ್ಟಿ ನಡುವೆ ದಪ್ಪಗಿದ್ದು ಎರಡೂ ತುದಿಗೆ ಸಣ್ಣದಾಗಿ, ಅಂಚು ಮಸುಕಾಗಿ, ಪಕ್ಕದ್ದರಲ್ಲಿ ಕರಗಿಹೋಗುತ್ತದೆ. ಪ್ಲಾಜಿಯೊಕ್ಲೇಸಿನದು ಚಾಕುವಿನಲ್ಲಿ ಕೊಯ್ದಷ್ಟು ಖಚಿತ, ತುದಿಯಲ್ಲಿ ಮೆಟ್ಟಿಲಿನಂತೆ ಥಟ್ಟನೆ ನಿಲ್ಲುತ್ತದೆ. ಪ್ಲಾಜಿಯೊಕ್ಲೇಸಿನ ಪಟ್ಟಿಗಳೇ ಬಾಗಿ, ಮೊನಚಾಗಿ ಮುಗಿದಿದ್ದರೆ ಅವು ಬೆಳೆಯುವಾಗ ಬಂದವಲ್ಲ, ಆಮೇಲೆ ಒತ್ತಡದಲ್ಲಿ ಮೂಡಿದವು. ಈ ಗ್ರಾನೈಟಿನ ಪಕ್ಕದ ನೈಸ್ ಶಿಲೆಗಳಲ್ಲಿ ಅಂಥವನ್ನು ನೋಡಬಹುದು.

ಪಟ್ಟಿ ಕಾಣದ ಫೆಲ್ಡ್‌ಸ್ಪಾರೇ ನಿಜವಾದ ತಲೆನೋವು. ಯಮಳದ ತಲಕ್ಕೆ ಸಮಾಂತರವಾಗಿ ಕೊಯ್ದ ಪ್ಲಾಜಿಯೊಕ್ಲೇಸಿನಲ್ಲಿ ಒಂದೂ ಪಟ್ಟಿ ಇರುವುದಿಲ್ಲ. ಅದೇ ರೀತಿ ಕೊಯ್ದ ಮೈಕ್ರೊಕ್ಲೈನಿನಲ್ಲಿ ಚೌಕಳಿಯಿರುವುದಿಲ್ಲ. ಕಣ ಎಣಿಸುವ ಕೆಲಸದಲ್ಲಿ ಇವನ್ನು ಕ್ವಾರ್ಟ್ಜಿನ ಪಾಲಿಗೆ ಹಾಕಿಬಿಟ್ಟರೆ ಕ್ವಾರ್ಟ್ಜ್ ಪ್ರಮಾಣ ಸುಳ್ಳೇ ಏರುತ್ತದೆ. ಅನಲೈಸರ್ ತೆಗೆದು ನೋಡಿ. ಫೆಲ್ಡ್‌ಸ್ಪಾರ್ ಹೆಚ್ಚಾಗಿ ಕೊಳೆತು ದೂಳು ಹಿಡಿದಂತೆ ಮಂಕಾಗಿರುತ್ತದೆ, ಸೀಳುಗೆರೆ ತೋರಿಸುತ್ತದೆ. ಕ್ವಾರ್ಟ್ಜ್ ನಿರ್ಮಲ. ಅಷ್ಟಕ್ಕೂ ತಿಳಿಯದಿದ್ದರೆ ಬೆಕೆ ಗೆರೆ ಇದೆ: ಎರಡು ಕಣ ಸೇರುವ ಅಂಚನ್ನು 40× ನಲ್ಲಿ ತಂದು, ಕಂಡೆನ್ಸರಿನ ಡಯಾಫ್ರಮ್ ಚೆನ್ನಾಗಿ ಮುಚ್ಚಿ, ಸ್ಟೇಜನ್ನು ಆಬ್ಜೆಕ್ಟಿವಿನಿಂದ ದೂರ ಇಳಿಸಿ. ಅಂಚಿನ ತೆಳು ಬೆಳಕಿನ ಗೆರೆ ಯಾವ ಕಣದೊಳಕ್ಕೆ ಸರಿಯುತ್ತದೋ ಅದರ ವಕ್ರೀಭವನ ಸೂಚ್ಯಂಕ ಹೆಚ್ಚು. ಕ್ವಾರ್ಟ್ಜಿನದು 1.544 ರಿಂದ 1.553. ಮೈಕ್ರೊಕ್ಲೈನಿನದು 1.53ಕ್ಕೂ ಕೆಳಗೆ. ಗೆರೆ ಕ್ವಾರ್ಟ್ಜಿನ ಕಡೆಗೆ ಸ್ಪಷ್ಟವಾಗಿ ಓಡುತ್ತದೆ.

ಪ್ಲಾಜಿಯೊಕ್ಲೇಸಿನ ಸಂಯೋಜನೆ: ಮಿಶೆಲ್-ಲೆವಿ ವಿಧಾನ

ಪ್ಲಾಜಿಯೊಕ್ಲೇಸ್ ಎಂಬುದು ಸೋಡಿಯಂ ತುದಿಯ ಆಲ್ಬೈಟಿನಿಂದ ಕ್ಯಾಲ್ಸಿಯಂ ತುದಿಯ ಆನಾರ್ಥೈಟಿನವರೆಗಿನ ಒಂದು ಸಾಲು. ಸಾಲಿನಲ್ಲಿ ನಮ್ಮ ಕಣ ಎಲ್ಲಿದೆ ಎಂಬುದನ್ನು ಆಲ್ಬೈಟ್ ಯಮಳದ ಎಕ್ಸ್‌ಟಿಂಕ್ಷನ್ ಕೋನವೇ ಹೇಳುತ್ತದೆ. ಎಲ್ಲ ಕಣ ನಡೆಯುವುದಿಲ್ಲ, ಯಮಳದ ತಲಕ್ಕೆ ಲಂಬವಾಗಿ ಕೊಯ್ದವು ಮಾತ್ರ ಬೇಕು.

1. ಕಣ ಆರಿಸುವುದು. ಪಟ್ಟಿಗಳನ್ನು ಉತ್ತರ-ದಕ್ಷಿಣ ಕ್ರಾಸ್‌ವೈರಿಗೆ ಸಮಾಂತರ ನಿಲ್ಲಿಸಿದಾಗ ಎಲ್ಲ ಪಟ್ಟಿಗಳೂ ಒಂದೇ ಬೂದಾಗಿ, ಯಮಳವೇ ಮಾಯವಾದಂತಿರಬೇಕು. 45 ಡಿಗ್ರಿಯಲ್ಲೂ ಹಾಗೆಯೇ. ಫೋಕಸ್ ಮೇಲೆ ಕೆಳಗೆ ಮಾಡಿದಾಗ ಪಟ್ಟಿಯ ಅಂಚು ಪಕ್ಕಕ್ಕೆ ಸರಿಯಬಾರದು. ಸರಿದರೆ ಯಮಳದ ತಲ ಓರೆಯಾಗಿದೆ, ಆ ಕಣ ಬಿಡಿ.

2. ಪಟ್ಟಿಗಳನ್ನು ಉತ್ತರ-ದಕ್ಷಿಣಕ್ಕೆ ಕರಾರುವಾಕ್ಕಾಗಿ ನಿಲ್ಲಿಸಿ ಸ್ಟೇಜಿನ ಅಂಕಿ ಬರೆದುಕೊಳ್ಳಿ. 124 ಎಂದುಕೊಳ್ಳೋಣ.

3. ಒಂದು ಕಡೆಗೆ ತಿರುಗಿಸಿ. ಒಂದು ಗುಂಪಿನ ಪಟ್ಟಿಗಳು ಅತಿ ಕಪ್ಪಾದಾಗ 136. ಕೋನ 12. ಕಪ್ಪಾದ ಕ್ಷಣವನ್ನು ಹಿಡಿಯಲು ಅದನ್ನು ದಾಟಿ ಹೋಗಿ, ವಾಪಸು ಬಂದು, ನಡುವೆ ನಿಲ್ಲಿಸುವುದು ಒಳ್ಳೆಯದು.

4. 124ಕ್ಕೆ ಮರಳಿ ಇನ್ನೊಂದು ಕಡೆಗೆ ತಿರುಗಿಸಿ. ಎರಡನೇ ಗುಂಪು ಕಪ್ಪಾದಾಗ 111. ಕೋನ 13. ಎರಡರ ನಡುವೆ ವ್ಯತ್ಯಾಸ 5 ಡಿಗ್ರಿಗಿಂತ ಹೆಚ್ಚಿದ್ದರೆ ಕಣ ತಿರಸ್ಕರಿಸಿ. ಇಲ್ಲಿ 1 ಡಿಗ್ರಿ ಮಾತ್ರ, ಸರಾಸರಿ 12.5.

5. ಅಳೆದದ್ದು ವೇಗದ ಕಿರಣದ ಕೋನವೇ ಎಂದು ಖಾತ್ರಿ ಮಾಡಿ. ಪಟ್ಟಿ ಕಪ್ಪಾಗಿರುವ ಜಾಗದಿಂದ ಸ್ಟೇಜನ್ನು 45 ಡಿಗ್ರಿ ತಿರುಗಿಸಿ, ಯಮಳದ ಗೆರೆಗೆ ಹತ್ತಿರದ ಆ ಕಂಪನ ದಿಕ್ಕು ಪ್ಲೇಟಿನ ನಿಧಾನ ದಿಕ್ಕಿಗೆ ಸಮಾಂತರವಾಗುವಂತೆ ಮಾಡಿ, ಜಿಪ್ಸಮ್ ಪ್ಲೇಟ್ ತಳ್ಳಿ. ಅಳೆದ ಪಟ್ಟಿಗಳು ಹಳದಿಗೆ ಇಳಿಯಬೇಕು. ನೀಲಿಯಾದರೆ ಅದು ನಿಧಾನ ಕಿರಣ, ಕೋನ ತಪ್ಪು.

ಹೀಗೆ ಎಂಟು ಹತ್ತು ಕಣ ಅಳೆಯಿರಿ. ನಮ್ಮ ಗ್ರಾನೈಟಿನಂಥ ಸ್ಲೈಡಿನಲ್ಲಿ ಬರಬಹುದಾದ ಜೋಡಿಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: 8 ಮತ್ತು 9, 12 ಮತ್ತು 13, 5 ಮತ್ತು 14, 10 ಮತ್ತು 12, 11 ಮತ್ತು 11, 6 ಮತ್ತು 7, 3 ಮತ್ತು 4, 9 ಮತ್ತು 11. ಮೂರನೆಯದು ವ್ಯತ್ಯಾಸ 9 ಇರುವುದರಿಂದ ಹೊರಗೆ. ಉಳಿದವುಗಳ ಸರಾಸರಿಗಳಲ್ಲಿ ದೊಡ್ಡದು 12.5. ಎಲ್ಲವನ್ನೂ ಕೂಡಿಸಿ ಭಾಗಿಸುವ ತಪ್ಪು ಮಾಡಬೇಡಿ. ಸಂಯೋಜನೆ ಒಂದೇ ಆಗಿದ್ದರೂ ಛೇದದ ದಿಕ್ಕು ಬದಲಾದಂತೆ ಕೋನ ಕಿರಿದಾಗುತ್ತದೆ. ಕೋನದಿಂದ ಸಂಯೋಜನೆ ಓದುವ ವಕ್ರರೇಖೆ ಬರೆದಿರುವುದು ಗರಿಷ್ಠ ಕೋನಕ್ಕೆ.

ನಿಧಾನವಾಗಿ ತಣಿದ ಆಳದ ಶಿಲೆಗಳ ವಕ್ರರೇಖೆಯಿಂದ ತೆಗೆದ ಅಂದಾಜು ಬೆಲೆಗಳು ಇವು:

| ಗರಿಷ್ಠ ಕೋನ | ಆನಾರ್ಥೈಟ್ ಪ್ರಮಾಣ, ಶೇಕಡಾ |
|---|---|
| 0° | ಸುಮಾರು 20 |
| 12° | ಸುಮಾರು 5 ಅಥವಾ 30 |
| 22° | ಸುಮಾರು 40 |
| 27° | ಸುಮಾರು 50 |
| 33° | ಸುಮಾರು 60 |

ಎರಡನೇ ಸಾಲಿನಲ್ಲಿ ಎರಡು ಉತ್ತರ ಇರುವುದು ನೋಡಿ. ಶುದ್ಧ ಆಲ್ಬೈಟಿನಲ್ಲಿ ಕೋನ ಸೊನ್ನೆಯ ಒಂದು ಬದಿಗಿದ್ದು, ಶೇಕಡಾ 20ರ ಹತ್ತಿರ ಸೊನ್ನೆಗೆ ಬಂದು, ಆಮೇಲೆ ಇನ್ನೊಂದು ಬದಿಗೆ ಬೆಳೆಯುತ್ತದೆ. ಸ್ಟೇಜಿನಲ್ಲಿ ನಮಗೆ ಬದಿ ತಿಳಿಯುವುದಿಲ್ಲ. ಹೀಗಾಗಿ 18 ಡಿಗ್ರಿಗಿಂತ ಕಡಿಮೆ ಬಂದ ಯಾವ ಕೋನಕ್ಕೂ ಎರಡನೇ ಸಾಕ್ಷಿ ಬೇಕೇ ಬೇಕು.

ಆ ಸಾಕ್ಷಿ ಪಕ್ಕದಲ್ಲೇ ಇರುವ ಕ್ವಾರ್ಟ್ಜ್. ಆಲ್ಬೈಟ್ ಆಗಿದ್ದರೆ ಅದರ ಸೂಚ್ಯಂಕಗಳು 1.54ಕ್ಕೆ ಕೆಳಗೆ, ಎಲ್ಲ ದಿಕ್ಕಿನಲ್ಲೂ ಬೆಕೆ ಗೆರೆ ಕ್ವಾರ್ಟ್ಜಿನೊಳಕ್ಕೆ ಸ್ಪಷ್ಟವಾಗಿ ಓಡಬೇಕು. ಶೇಕಡಾ 30ರ ಆಲಿಗೊಕ್ಲೇಸ್-ಆಂಡೆಸೀನ್ ಗಡಿಯದ್ದಾದರೆ ಸೂಚ್ಯಂಕ ಕ್ವಾರ್ಟ್ಜಿಗೆ ತೀರ ಹತ್ತಿರ. ಎರಡರ ನಡುವಿನ ಅಂಚೇ ಕಷ್ಟಪಟ್ಟು ಕಾಣುತ್ತದೆ, ಗೆರೆ ತಿರುಗಿಸಿದಾಗೊಮ್ಮೆ ಈಚೆಗೆ, ಒಮ್ಮೆ ಆಚೆಗೆ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಅಂಚು ಹೀಗೆ ಮಾಯವಾಯಿತೆಂದರೆ ಉತ್ತರ ಶೇಕಡಾ 30ರ ಸುತ್ತ. ಮೈಕ್ರೊಕ್ಲೈನಿಗೆ ಹೋಲಿಸಿದರೆ ಈ ಪರೀಕ್ಷೆ ಕೆಲಸಕ್ಕೆ ಬಾರದು, ಆಲ್ಬೈಟೂ ಆಲಿಗೊಕ್ಲೇಸೂ ಎರಡೂ ಅದಕ್ಕಿಂತ ಮೇಲೆಯೇ ಇವೆ.

ಬಿಡದಿ, ಹಾರೋಹಳ್ಳಿ ಸುತ್ತ ಹಾದುಹೋಗುವ ಕಪ್ಪು ಡಾಲರೈಟ್ ಡೈಕಿನ ಸ್ಲೈಡೊಂದು ಕೈಗೆ ಸಿಕ್ಕರೆ ಇದೇ ಅಳತೆ ಅಲ್ಲೂ ಮಾಡಿ ನೋಡಿ. ಸಣ್ಣ ಕಡ್ಡಿಗಳಂಥ ಪ್ಲಾಜಿಯೊಕ್ಲೇಸಿನಲ್ಲಿ 30 ಡಿಗ್ರಿ ದಾಟಿದ ಕೋನ ಬಂದರೆ ಅದು ಲ್ಯಾಬ್ರಡೊರೈಟ್; ಎರಡು ಉತ್ತರಗಳ ಗೋಜು ಅಲ್ಲಿಲ್ಲ. ಕ್ವಾರ್ಟ್ಜ್ ಇಲ್ಲದ ಅಂಥ ಸ್ಲೈಡಿನಲ್ಲಿ ದಪ್ಪವನ್ನೂ ಪ್ಲಾಜಿಯೊಕ್ಲೇಸಿನಿಂದಲೇ ನೋಡಬೇಕು, ಅದರ ಗರಿಷ್ಠ ಬಣ್ಣವೂ ಬಿಳಿಯಿಂದ ತಿಳಿ ಹಳದಿಯೊಳಗೇ ಇರುತ್ತದೆ.

ಈ ವಿಧಾನ ಎಲ್ಲಿ ಕೈಕೊಡುತ್ತದೆ

ಪ್ಲಾಜಿಯೊಕ್ಲೇಸಿನಲ್ಲಿ ವಲಯಗಳಿದ್ದರೆ, ಅಂದರೆ ನಡುಭಾಗದಲ್ಲಿ ಕ್ಯಾಲ್ಸಿಯಂ ಹೆಚ್ಚು, ಅಂಚಿನಲ್ಲಿ ಕಡಿಮೆ ಇದ್ದರೆ, ಕತ್ತಲು ಒಳಗಿನಿಂದ ಹೊರಕ್ಕೆ ಉಂಗುರದಂತೆ ಸರಿಯುತ್ತದೆ. ಒಂದೇ ಪಟ್ಟಿಯ ನಡುಭಾಗ ಮತ್ತು ಅಂಚನ್ನು ಬೇರೆ ಬೇರೆ ಅಳೆದು ಬೇರೆ ಬೇರೆ ಬರೆಯಬೇಕು. ಇದನ್ನು ಕ್ವಾರ್ಟ್ಜಿನ ಅಲೆಗತ್ತಲಿನೊಂದಿಗೆ ಬೆರೆಸಬೇಡಿ. ವಲಯದ ಕತ್ತಲು ಹರಳಿನ ಹೊರರೂಪವನ್ನೇ ಅನುಸರಿಸುತ್ತದೆ, ಅಲೆಗತ್ತಲಿಗೆ ಆ ಹಂಗಿಲ್ಲ.

ಹರಳಿನ ನಡುಭಾಗ ಸಣ್ಣ ಸಣ್ಣ ಹೊಳೆಯುವ ಬಣ್ಣದ ಚೂರುಗಳಿಂದ ತುಂಬಿದ್ದರೆ ಅದು ಸೆರಿಸೈಟ್, ಅಂದರೆ ಫೆಲ್ಡ್‌ಸ್ಪಾರ್ ಕೊಳೆತು ಆದ ನವಿರು ಮೈಕಾ. ಕ್ಯಾಲ್ಸಿಯಂ ಹೆಚ್ಚಿದ್ದ ಭಾಗ ಮೊದಲು ಕೊಳೆಯುವುದರಿಂದ ಅಳೆಯಲು ಉಳಿದಿರುವ ಶುಭ್ರ ಅಂಚು ಸೋಡಿಯಂ ಕಡೆಯದು. ಸಿಕ್ಕ ಉತ್ತರ ಇಡೀ ಹರಳಿನದಲ್ಲ ಎಂದು ಟಿಪ್ಪಣಿಯಲ್ಲಿ ಬರೆದಿಡಿ.

ಮೈಕ್ರೊಕ್ಲೈನಿನೊಳಗೆ ದಾರದೆಳೆಗಳಂತೆ ಓಡುವ ಬೇರೆ ಬೂದಿನ ಗೆರೆಗಳೂ ಯಮಳವೆಂದು ಮೋಸಗೊಳಿಸುತ್ತವೆ. ಅವು ಪರ್ಥೈಟ್, ತಣಿಯುವಾಗ ಬೇರ್ಪಟ್ಟ ಆಲ್ಬೈಟ್. ಯಮಳದ ಪಟ್ಟಿಗೂ ಅದರ ನೆರೆಗೂ ಸೂಚ್ಯಂಕ ಒಂದೇ ಆದ್ದರಿಂದ ಅನಲೈಸರ್ ತೆಗೆದರೆ ಪಟ್ಟಿ ಪೂರ್ತಿ ಅಳಿಯುತ್ತದೆ. ಪರ್ಥೈಟಿನ ಎಳೆ ಅಳಿಯುವುದಿಲ್ಲ. ಡಯಾಫ್ರಮ್ ಮುಚ್ಚಿದರೆ ಅದರ ಅಂಚು ತೆಳುವಾಗಿ ಕಾಣುತ್ತಲೇ ಇರುತ್ತದೆ, ಬೆಕೆ ಗೆರೆ ಎಳೆಯೊಳಕ್ಕೆ ಸರಿಯುತ್ತದೆ.

ಜ್ವಾಲಾಮುಖಿ ಶಿಲೆಗಳ ಪ್ಲಾಜಿಯೊಕ್ಲೇಸಿಗೆ ಮೇಲಿನ ಕೋಷ್ಟಕ ಬಳಸಬೇಡಿ. ಬೇಗ ತಣಿದ ಹರಳಿನೊಳಗೆ ಅಲ್ಯೂಮಿನಿಯಂ-ಸಿಲಿಕಾನ್ ಪರಮಾಣುಗಳ ಜೋಡಣೆ ಬೇರೆ, ಅದಕ್ಕೆ ಪ್ರತ್ಯೇಕ ವಕ್ರರೇಖೆ ಇದೆ. ಸೋಡಿಯಂ ಕಡೆಯಲ್ಲಂತೂ ಎರಡರ ನಡುವೆ ಅಂತರ ದೊಡ್ಡದು. ಇನ್ನು ಅಳತೆಗೆ ಯೋಗ್ಯವಾದ ಕಣ ಸ್ಲೈಡಿನಲ್ಲಿ ಮೂರೋ ನಾಲ್ಕೋ ಮಾತ್ರ ಸಿಕ್ಕಿದ್ದರೆ ಗರಿಷ್ಠ ಕೋನ ಕೈತಪ್ಪಿರುವ ಸಾಧ್ಯತೆಯೇ ಹೆಚ್ಚು. ಆಗ ಸಂಖ್ಯೆಯ ಮುಂದೆ "ಕನಿಷ್ಠ" ಎಂದು ಬರೆದು, ಅದೇ ಕಲ್ಲಿನ ಇನ್ನೊಂದು ಬಿಲ್ಲೆಯನ್ನು ಮೊದಲಿನದಕ್ಕೆ ಲಂಬವಾಗಿ ಕೊಯ್ದು ಮತ್ತೆ ಅಳೆಯಿರಿ.